ನೋಟಿಸ್ ವಾಪಸ್ ಬಂದಾಗ ಗೊತ್ತಾದ ವಿಳಾಸ

ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಬಾಕಿ ಬರಲಿಲ್ಲ ಅಂತ ವಕೀಲರ ನೋಟಿಸನ್ನು ಬೆಂಗಳೂರಿನ ಅವರ ಆಫೀಸಿಗೆ ಕಳಿಸಿದೆವು. ನಮ್ಮ ಮಾಲು ಇಳಿಸಿದ್ದು, ಮೀಟಿಂಗ್ ಮಾಡಿದ್ದು ಎಲ್ಲಾ ಅಲ್ಲೇ. ಆದರೆ ಲಕೋಟೆ 'ಸ್ಥಳ ಬಿಟ್ಟು ಹೋಗಿದ್ದಾರೆ' ಎಂಬ ಷರಾದೊಂದಿಗೆ ವಾಪಸ್ ಬಂತು.

ವಕೀಲರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ರಿಜಿಸ್ಟರ್ಡ್ ಆಫೀಸ್ ಎಲ್ಲಿದೆ?" ನಾನು ಜಿಎಸ್‌ಟಿ ಸರ್ಟಿಫಿಕೇಟ್ ತೋರಿಸಿದೆ. ಅದರಲ್ಲಿ 'ಪ್ರಿನ್ಸಿಪಲ್ ಪ್ಲೇಸ್ ಆಫ್ ಬಿಸಿನೆಸ್' ಅಂತ ಬೆಂಗಳೂರಿನ ಅದೇ ವಿಳಾಸವಿತ್ತು. ನಾನು ಎಡವಿದ್ದೇ ಇಲ್ಲಿ. ಜಿಎಸ್‌ಟಿ ನೋಂದಣಿ ರಾಜ್ಯವಾರು. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ, ತಮಿಳುನಾಡಿನದು 33ರಿಂದ. ಹಾಗಾಗಿ 'ಪ್ರಿನ್ಸಿಪಲ್' ಅಂದರೆ ಆ ರಾಜ್ಯದೊಳಗಿನ ಮುಖ್ಯ ಜಾಗ ಅಷ್ಟೆ, ಇಡೀ ಕಂಪನಿಯದಲ್ಲ.

ಕಂಪನಿಗೆ ರಿಜಿಸ್ಟರ್ಡ್ ಆಫೀಸ್ ಮಾತ್ರ ಒಂದೇ. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪತ್ರ, ನೋಟಿಸುಗಳನ್ನು ಪಡೆದು ಸ್ವೀಕೃತಿ ಕೊಡಲು ಆಗುವಂಥ ಜಾಗ ಅದಾಗಿರಬೇಕು. ಅಲ್ಲಿ ಎಂಡಿ ಕೂರಬೇಕೆಂದೇನೂ ಇಲ್ಲ. ಹೆಡ್ ಆಫೀಸ್, ಕಾರ್ಪೊರೇಟ್ ಆಫೀಸ್ ಅನ್ನುವುದೆಲ್ಲ ಕಂಪನಿ ತನ್ನ ಅನುಕೂಲಕ್ಕೆ ಇಟ್ಟುಕೊಳ್ಳುವ ಹೆಸರು.

ವಕೀಲರು ಟೈಟಾನ್ ಉದಾಹರಣೆ ಕೊಟ್ಟರು. ಅದು ಬೆಂಗಳೂರಿನ ಕಂಪನಿ ಅಂತಲೇ ನಾನೂ ಅಂದುಕೊಂಡಿದ್ದೆ. ಅದರ ಕಾರ್ಪೊರೇಟ್ ಆಫೀಸ್ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿದೆ, ನಿಜ. ರಿಜಿಸ್ಟರ್ಡ್ ಆಫೀಸ್ ಮಾತ್ರ ಗಡಿ ದಾಟಿದರೆ ಸಿಗುವ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ. ಅಂಗಡಿಗಳಂತೂ ದೇಶದ ತುಂಬ. ಅದರ ಸಿಐಎನ್, ಅಂದರೆ ಕಂಪನಿಯ ನೋಂದಣಿ ಗುರುತಿನ ಸಂಖ್ಯೆ, ಹೀಗಿದೆ:

```
L74999TZ1984PLC001456
```

ಏಳು, ಎಂಟನೇ ಅಕ್ಷರಗಳನ್ನು ನೋಡಿ. ಕರ್ನಾಟಕದ ಕಂಪನಿಯಾದರೆ ಅಲ್ಲಿ KA ಇರುತ್ತದೆ. TZ ಅಂದರೆ ಕೊಯಮತ್ತೂರು ರಿಜಿಸ್ಟ್ರಾರ್ ವ್ಯಾಪ್ತಿ. ತಮಿಳುನಾಡಿಗೆ TN, TZ ಎರಡೂ ಉಂಟು, ಅದಕ್ಕೇ ಮೊದಲ ಸಲ ನೋಡಿದವರಿಗೆ ಗೊಂದಲ. 1984 ಕಂಪನಿ ಹುಟ್ಟಿದ ವರ್ಷ.

ನಮ್ಮ ಬಾಕಿದಾರನ ಪರ್ಚೇಸ್ ಆರ್ಡರ್ ತೆಗೆದೆ. ಮೇಲೆ ದಪ್ಪಕ್ಷರದಲ್ಲಿ ಬೆಂಗಳೂರು, ಅಡಿಯಲ್ಲಿ ಸಣ್ಣಕ್ಷರದಲ್ಲಿ ಸಿಐಎನ್, ಅದರಲ್ಲಿ WB. ಪಶ್ಚಿಮ ಬಂಗಾಳ! ಆದರೆ ಸಿಐಎನ್ ಹೇಳುವುದು ರಾಜ್ಯವನ್ನಷ್ಟೆ. ಅದೇ ರಿಜಿಸ್ಟ್ರಾರ್ ವ್ಯಾಪ್ತಿಯೊಳಗೆ ಆಫೀಸ್ ಬದಲಾದರೆ ಆ ಅಕ್ಷರ ಬದಲಾಗುವುದಿಲ್ಲ. ಹಳೆಯ ಲೆಟರ್‌ಹೆಡ್ ನಂಬುವಂತಿಲ್ಲ. ಹಾಗಾಗಿ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ, ಅಂದರೆ ಎಂಸಿಎ ಜಾಲತಾಣದ ಕಂಪನಿ ಮಾಸ್ಟರ್ ಡೇಟಾ ತೆರೆದು ಅಂದಿನ ವಿಳಾಸ ಪ್ರಿಂಟ್ ತೆಗೆದೆ, ದಿನಾಂಕ ಸಮೇತ.

ಕೋಲ್ಕತ್ತದ ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಹೋಯಿತು. ಜೊತೆಗೆ ಬೆಂಗಳೂರಿನ ಹೊಸ ಆಫೀಸಿಗೂ ಒಂದು ಪ್ರತಿ, ಯಾಕೆಂದರೆ ಚೆಕ್ಕಿಗೆ ಸಹಿ ಹಾಕುವವರು ಕೂರುವುದು ಅಲ್ಲಿ. ಎರಡಕ್ಕೂ ಡೆಲಿವರಿ ಆದ ದಾಖಲೆ ಸಿಕ್ಕಿತು. ಈಗ ನಮ್ಮ ಗಿರಾಕಿಗಳ ಪಟ್ಟಿಯಲ್ಲಿ ವಿಳಾಸಕ್ಕೆ ಮೂರು ಕಾಲಂ: ರಿಜಿಸ್ಟರ್ಡ್, ಬಿಲ್ಲಿಂಗ್, ಮಾಲು ಇಳಿಸುವ ಜಾಗ.