ಕನಸಿನ ಓಣಿಗಳಲ್ಲಿ ಮನೆ ಹುಡುಕುವುದನ್ನು ಬಿಟ್ಟದ್ದು

ನನಗೆ ವರ್ಷಗಟ್ಟಲೆ ಬೀಳುತ್ತಿದ್ದ ಕನಸಿನಲ್ಲಿ ಹೇಳಿಕೊಳ್ಳುವಂಥ ಕಥೆಯೇ ಇರಲಿಲ್ಲ. ಹೊತ್ತು ಮುಳುಗುತ್ತಿರುತ್ತದೆ, ಮನೆಗೆ ಹೊರಟಿರುತ್ತೇನೆ, ಇನ್ನೆರಡು ತಿರುವು ದಾಟಿದರೆ ಬಂತು ಅನ್ನುವ ಖಾತ್ರಿ ಇರುತ್ತದೆ. ಮೊದಲ ತಿರುವು ಸರಿಯಾಗಿಯೇ ಇರುತ್ತದೆ. ಎರಡನೆಯದನ್ನು ದಾಟಿದರೆ ಗುರುತಿಲ್ಲದ ಓಣಿ. ಸರಿ, ಬಂದ ದಾರಿಗೇ ವಾಪಸ್ ಹೋಗೋಣ ಎಂದು ತಿರುಗಿದರೆ ಆ ದಾರಿಯೂ ಇಲ್ಲ, ಅಲ್ಲಿ ಬೇರೆ ಯಾವುದೋ ಬೀದಿ. ಆಮೇಲೆ ಓಣಿಯಿಂದ ಓಣಿಗೆ ನಡೆಯುವುದು, ನಡಿಗೆ ಓಟವಾಗುವುದು, ಎಚ್ಚರವಾದಾಗ ಎದೆ ಡವಡವ ಅನ್ನುವುದು. ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ, ಯಾರೂ ಸಾಯುವುದಿಲ್ಲ. ಬೇರೆಯವರಿಗೆ ಹೇಳಿದರೆ 'ಅಷ್ಟೇನಾ?' ಅನ್ನುತ್ತಾರೆ.

ಇದರ ಅರ್ಥವೇನು ಎಂದು ಹೇಳುವವರಿಗೇನೂ ಕೊರತೆಯಿರಲಿಲ್ಲ. ಬಾಳಿನಲ್ಲಿ ಗುರಿ ತಪ್ಪಿದೆ ಎಂದರು ಒಬ್ಬರು, ಮನೆಯವರನ್ನು ಮರೆತಿದ್ದೀಯ ಎಂದರು ಇನ್ನೊಬ್ಬರು. ಇರಬಹುದು. ಆದರೆ ಯಾವ ಅರ್ಥವನ್ನು ಒಪ್ಪಿಕೊಂಡರೂ ಕನಸು ಬರುವುದು ನಿಲ್ಲಲಿಲ್ಲ. ಅರ್ಥ ಹುಡುಕದೆಯೇ ಕೆಟ್ಟ ಕನಸನ್ನು ಬದಲಿಸುವ ಒಂದು ವಿಧಾನವಿದೆ ಎಂದು ಓದಿದ ಮೇಲೆ ನನ್ನ ಆಸಕ್ತಿ ಆ ಕಡೆ ಹೊರಳಿತು. ಅದಕ್ಕೆ ಇಮೇಜರಿ ರಿಹರ್ಸಲ್ ಥೆರಪಿ ಎನ್ನುತ್ತಾರೆ. ಬ್ಯಾರಿ ಕ್ರಾಕೋ ಮತ್ತು ಅವರ ಜೊತೆಗಾರರು 2001ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಅದು ಹೆಚ್ಚು ಜನಕ್ಕೆ ಗೊತ್ತಾಯಿತು. ಮರುಕಳಿಸುವ ದುಃಸ್ವಪ್ನಗಳಿಗೆ ನಿದ್ರಾತಜ್ಞರು ಶಿಫಾರಸು ಮಾಡುವ ವಿಧಾನಗಳಲ್ಲಿ ಅದೂ ಒಂದು. ಹೇಳುವುದಕ್ಕೆ ಸುಲಭ: ಎಚ್ಚರವಿದ್ದಾಗ ಕನಸನ್ನು ಬರೆಯಬೇಕು, ಅದನ್ನು ನಮಗೆ ಬೇಕಾದಂತೆ ತಿದ್ದಬೇಕು, ತಿದ್ದಿದ್ದನ್ನು ದಿನಾ ಹತ್ತು ಹದಿನೈದು ನಿಮಿಷ ಮನಸ್ಸಿನಲ್ಲಿ ಕಾಣಬೇಕು. ಎಲ್ಲ ಇರುವುದು 'ಹೇಗೆ ತಿದ್ದಬೇಕು' ಎಂಬಲ್ಲಿ.

ಬರೆಯುವಾಗ 'ನಡೆಯುತ್ತಿದ್ದೇನೆ, ತಿರುಗುತ್ತಿದ್ದೇನೆ' ಎಂದು ಈಗಲೇ ನಡೆಯುತ್ತಿರುವಂತೆ ಬರೆದೆ. 'ದಾರಿ ತಪ್ಪಿತ್ತು' ಎಂದು ಬರೆದರೆ ಒಂದೇ ಸಾಲಿಗೆ ಮುಗಿದುಹೋಗುತ್ತದೆ. ನಡೆಯುತ್ತಿರುವಂತೆ ಬರೆದರೆ ಕಾಲಡಿಯ ಕಲ್ಲು, ಗೋಡೆಯ ಬಣ್ಣ, ಕೈಯಲ್ಲಿ ಹಿಡಿದ ಚೀಲದ ಭಾರ ಎಲ್ಲ ಹೊರಬರುತ್ತವೆ. ಬರೆದ ಪ್ರತಿ ಸಾಲಿನ ಪಕ್ಕದಲ್ಲಿ ಆಗಿನ ಮನಸ್ಸು ಹೇಗಿತ್ತು ಎಂದು ಒಂದೊಂದು ಪದ ಹಾಕಿದೆ. ನನಗೆ ಅಚ್ಚರಿಯಾದದ್ದು ಅಲ್ಲಿ. ಗುರುತಿಲ್ಲದ ಓಣಿಗೆ ಬಂದಾಗ ಹಾಕಿದ ಪದ 'ಬೇಸರ'. ಮುಂದಿನ ಸಾಲಿಗೂ 'ಬೇಸರ'. 'ಭಯ' ಎಂಬ ಪದ ಮೊದಲು ಬಂದದ್ದು ಹಿಂದಕ್ಕೆ ತಿರುಗಿ ನೋಡಿದ ಸಾಲಿನ ಪಕ್ಕ. ಅಂದರೆ ದಾರಿ ತಪ್ಪಿದ್ದು ನನ್ನನ್ನು ಹೆದರಿಸಿರಲಿಲ್ಲ. ಬಂದ ದಾರಿಯೇ ಇಲ್ಲವಾದದ್ದು ಹೆದರಿಸಿತ್ತು.

ಕನಸಿನಲ್ಲಿ ಬೀದಿ ಹಾಗೇಕೆ ಬದಲಾಗುತ್ತದೆ ಎಂಬುದಕ್ಕೆ ಮಿದುಳಿನಲ್ಲಿ ಒಂದು ಮಟ್ಟಿಗಿನ ಉತ್ತರವಿದೆ. ಇಂಥ ಗಾಢ ಕನಸುಗಳು ಹೆಚ್ಚಾಗಿ ಬೀಳುವುದು ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಚುರುಕಾಗಿ ಆಡುವ ರೆಮ್ ನಿದ್ರೆಯಲ್ಲಿ. ಆಗ ಭಾವನೆಗೆ ಸಂಬಂಧಿಸಿದ ಭಾಗಗಳು ಚೆನ್ನಾಗಿ ಕೆಲಸ ಮಾಡುತ್ತಿರುತ್ತವೆ. ಹಣೆಯ ಹಿಂದಿರುವ, ಈಗಷ್ಟೇ ನಡೆದದ್ದನ್ನು ನೆನಪಿನಲ್ಲಿ ಹಿಡಿದು ಮುಂದಿನದನ್ನು ಯೋಜಿಸುವ ಭಾಗ ಮಾತ್ರ ಮಂದವಾಗಿರುತ್ತದೆ. ಎಚ್ಚರದಲ್ಲಿ 'ಎಡಕ್ಕೆ ತಿರುಗಿದೆ, ಆಮೇಲೆ ಬಲಕ್ಕೆ' ಎಂದು ಲೆಕ್ಕ ಇಡುವುದಕ್ಕೆ ಆ ಭಾಗ ಬೇಕೇ ಬೇಕು. ಕನಸಿನಲ್ಲಿ ಆ ಲೆಕ್ಕ ಇಡುವವರು ಯಾರೂ ಇಲ್ಲ. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡೆ: ಹಿಂದಕ್ಕೆ ತಿರುಗಿದಾಗ ಹಳೆಯ ಬೀದಿ ಮಾಯವಾಗುವುದಿಲ್ಲ, ಅದನ್ನು ಯಾರೂ ಇಟ್ಟುಕೊಂಡೇ ಇರುವುದಿಲ್ಲ. ನೋಡಿದ ಕಡೆಯೆಲ್ಲ ಹೊಸದೊಂದು ಬೀದಿ ಕಟ್ಟಿಕೊಳ್ಳುತ್ತದೆ. ಅದನ್ನು ಕಟ್ಟುವಾಗ ಮನಸ್ಸಿನಲ್ಲಿ ಗಾಬರಿಯಿದ್ದರೆ ಬೀದಿಯೂ ಗಾಬರಿಯದ್ದೇ.

ಹಾಗಾಗಿ ಕನಸನ್ನು ತಿದ್ದಲು ಕೂತವರಿಗೆ ಮೊದಲು ಹೊಳೆಯುವ 'ಕೊನೆಗೆ ಮನೆ ಸಿಕ್ಕಿತು' ಎಂಬ ಮುಕ್ತಾಯವನ್ನು ನಾನು ಬರೆಯಲಿಲ್ಲ. ಮನೆ ಸಿಗಬೇಕಾದರೆ ದಾರಿ ಬೇಕು, ದಾರಿಗೆ ನೆನಪು ಬೇಕು. ಕನಸಿನ ಕೈಲಾಗದ ಕೆಲಸವನ್ನೇ ಅದಕ್ಕೆ ಒಪ್ಪಿಸಿದಂತೆ ಆಗುತ್ತದೆ. ಜೊತೆಗೆ ಮನೆ ಮುಕ್ತಾಯವಾದರೆ ಅಲ್ಲಿಗೆ ತಲುಪುವ ತನಕ ಹುಡುಕಾಟವೇ ಉಳಿಯುತ್ತದೆ, ಹುಡುಕಾಟವೇ ಇಲ್ಲಿನ ರೋಗ. ಕತ್ತರಿ ಹಾಕಬೇಕಾದ ಜಾಗ ಭಯ ಶುರುವಾಗುವ ಸಾಲಿಗಿಂತ ತುಸು ಮೇಲೆ, ಬೇಸರ ಮಾತ್ರ ಇರುವಲ್ಲಿ. ತಿರುಗುವ ಮೊದಲು.

ನನ್ನ ತಿದ್ದುಪಡಿ ಇಷ್ಟು: 'ಎರಡನೇ ತಿರುವು ದಾಟಿದ್ದೇನೆ. ಓಣಿ ಗುರುತಿಲ್ಲ. ಎಡಗೈಯನ್ನು ಪಕ್ಕದ ಗೋಡೆಗೆ ಇಡುತ್ತೇನೆ. ಹಗಲಿನ ಬಿಸಿಲಿಗೆ ಕಾದ ಗೋಡೆ ಇನ್ನೂ ಬೆಚ್ಚಗಿದೆ, ಸುಣ್ಣ ಅಂಗೈಗೆ ಅಂಟುತ್ತದೆ. ಪಕ್ಕದಲ್ಲೇ ಹಸಿರು ಬಾಗಿಲು, ಅದರ ಮುಂದೆ ಎರಡು ಮೆಟ್ಟಿಲು. ಚೀಲ ಕೆಳಗಿಟ್ಟು ಕೂರುತ್ತೇನೆ. ಮೇಲಿನ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿರುವ ಹೆಂಗಸನ್ನು, ಅಮ್ಮಾ, ಇದು ಯಾವ ಬೀದಿ ಎಂದು ಕೇಳುತ್ತೇನೆ. ಗೊತ್ತಿಲ್ಲಪ್ಪ, ಕೂತ್ಕೋ ಅನ್ನುತ್ತಾಳೆ. ಕೂತಿರುತ್ತೇನೆ.' ಮುಗಿಯಿತು. ಹೆಂಗಸು ದಾರಿ ಹೇಳದಂತೆ ಬೇಕೆಂದೇ ನೋಡಿಕೊಂಡೆ. ಹೇಳಿದರೆ ನಾನು ಮತ್ತೆ ಎದ್ದು ನಡೆಯಬೇಕಾಗುತ್ತಿತ್ತು.

ಅಭ್ಯಾಸ ಮಾಡಿದ್ದು ಹಗಲು, ಕುರ್ಚಿಯಲ್ಲಿ ಕೂತು. ಹಾಸಿಗೆಯಲ್ಲಿ ಮಾಡಿದರೆ ನಿದ್ದೆಯ ಜಾಗಕ್ಕೆ ಕೆಲಸದ ವಾಸನೆ ಬರುತ್ತದೆ. ಕಣ್ಣು ಮುಚ್ಚಿ ನೇರವಾಗಿ ಎರಡನೇ ತಿರುವಿನಿಂದ ಶುರು ಮಾಡುತ್ತಿದ್ದೆ. ಹಳೆಯ ಕನಸನ್ನು ಮೊದಲಿಂದ ಓಡಿಸಿ ಆಮೇಲೆ ಹೊಸದಕ್ಕೆ ಬರುವುದು ಬೇಡ, ಅದರಿಂದ ಹಳೆಯದಕ್ಕೇ ತಾಲೀಮು ಆಗುತ್ತದೆ. ಆದರೂ ಮನಸ್ಸು ಕೆಲವೊಮ್ಮೆ ಹಳೆಯ ಓಣಿಗೇ ಜಾರುತ್ತದೆ. ಉಸಿರು ಬಿಗಿಯಾಗುವುದು, ಕೂತಲ್ಲೇ ಕಾಲು ಎಳೆಯುವುದು ಅದರ ಗುರುತು. ಹಾಗಾದಾಗ ಒತ್ತಾಯ ಮಾಡದೆ ಕಣ್ಣು ತೆರೆದು, ಕೋಣೆಯಲ್ಲಿ ಕಾಣುವ ವಸ್ತುಗಳನ್ನು ಒಂದೊಂದಾಗಿ ನೋಡಿ, ಮತ್ತೆ ಗೋಡೆ ಮುಟ್ಟುವಲ್ಲಿಂದ ಹೊರಡುತ್ತಿದ್ದೆ.

ಇನ್ನೊಂದು ತೊಂದರೆ ಸದ್ದಿಲ್ಲದೆ ಬರುತ್ತದೆ. ಕೆಲವು ದಿನ ಕಳೆದ ಮೇಲೆ ದೃಶ್ಯ ಕಾಣುವುದು ನಿಂತು, ಬರೆದ ಸಾಲುಗಳು ಬಾಯಿಪಾಠದಂತೆ ಓಡತೊಡಗುತ್ತವೆ. ಅಭ್ಯಾಸ ಆಯಿತು ಎಂದು ನಮಗೆ ಅನ್ನಿಸಿರುತ್ತದೆ, ಆಗಿರುವುದಿಲ್ಲ. ಅದನ್ನು ಪತ್ತೆ ಮಾಡಲು ನಡುವೆ ಬರೆಯದ ಪ್ರಶ್ನೆಯೊಂದನ್ನು ಕೇಳಿಕೊಳ್ಳುತ್ತಿದ್ದೆ: ಬಾಗಿಲಿನ ಚಿಲಕ ಯಾವ ಕಡೆಗಿದೆ? ಮೆಟ್ಟಿಲಿನ ಮೂಲೆ ಸವೆದಿದೆಯೇ? ದೃಶ್ಯ ಕಾಣುತ್ತಿದ್ದರೆ ಉತ್ತರ ತಾನಾಗಿ ಬರುತ್ತದೆ. ಬರದಿದ್ದರೆ ಆ ಹೊತ್ತಿಗೆ ಪದಗಳಷ್ಟೇ ಓಡುತ್ತಿವೆ ಎಂದರ್ಥ. ಆಗ ನಿಧಾನ ಮಾಡಿ, ಗೋಡೆಯ ಮೇಲಿನ ಕೈಯೊಂದರಲ್ಲೇ ಒಂದೆರಡು ನಿಮಿಷ ನಿಲ್ಲುತ್ತಿದ್ದೆ. ನನ್ನ ಮಟ್ಟಿಗೆ ಕಣ್ಣಿಗಿಂತ ಅಂಗೈ ಹೆಚ್ಚು ಕೆಲಸ ಮಾಡಿತು.

ಫಲ ಬರೆದಂತೆಯೇ ಬರಲಿಲ್ಲ. ಕೆಲವು ವಾರಗಳ ಮೇಲೆ ಕನಸು ಬಿದ್ದಾಗ ನಾನು ಎಂದಿನಂತೆ ಹಿಂದಕ್ಕೆ ತಿರುಗಿದೆ, ಬೀದಿ ಎಂದಿನಂತೆ ಬದಲಾಯಿತು. ಆದರೆ ಕೈ ಗೋಡೆಯ ಮೇಲಿತ್ತು, ಗೋಡೆ ಬೆಚ್ಚಗಿತ್ತು. ಓಡಲಿಲ್ಲ. ಆಮೇಲಿನ ಒಂದು ಕನಸಿನಲ್ಲಿ ಓಣಿಗಳೆಲ್ಲ ಹಾಗೇ ಇದ್ದವು, ಒಂದರೊಳಗೊಂದು ತೆರೆದುಕೊಳ್ಳುತ್ತಲೇ ಇದ್ದವು, ನಾನು ಊರು ನೋಡಲು ಬಂದವನಂತೆ ಸುತ್ತುತ್ತಿದ್ದೆ. ಬಟ್ಟೆ ತೆಗೆಯುವ ಹೆಂಗಸು ಕನಸಿಗೆ ಬಂದೇ ಇಲ್ಲ. ಮನೆಯೂ ಸಿಕ್ಕಿಲ್ಲ. ಕನಸು ಅಪರೂಪವಾಗಿದೆ, ಬಿದ್ದರೂ ಎದೆ ಹೊಡೆದುಕೊಂಡು ಏಳುವುದಿಲ್ಲ.

ಇದರ ಜೊತೆಜೊತೆಗೆ ಕನಸಿನೊಳಗೇ 'ಇದು ಕನಸು' ಎಂದು ಅರಿಯುವ ಪ್ರಯತ್ನವನ್ನೂ ಮಾಡಿದ್ದೆ. ಹಾಗೆ ಅರಿತವರು ನಿದ್ದೆಯಲ್ಲಿರುವಾಗಲೇ ಮೊದಲೇ ಒಪ್ಪಿಕೊಂಡಂತೆ ಕಣ್ಣುಗುಡ್ಡೆ ಆಡಿಸಿ ಸಂಕೇತ ಕೊಟ್ಟದ್ದು 1975ರಲ್ಲಿ ಕೀತ್ ಹರ್ನ್ ಅವರ ಪ್ರಯೋಗದಲ್ಲಿ ದಾಖಲಾಗಿದೆ, ಆದ್ದರಿಂದ ಇದು ಬರೀ ಬಾಯಿಮಾತಲ್ಲ. ಬೀದಿಯ ಕನಸಿಗೆ ಒಪ್ಪುವ ಪರೀಕ್ಷೆ ಎಂದರೆ ಬೋರ್ಡು ಓದುವುದು: ಒಮ್ಮೆ ಓದಿ, ಕಣ್ಣು ಪಕ್ಕಕ್ಕೆ ತಿರುಗಿಸಿ, ಮತ್ತೆ ಓದಬೇಕು. ಕನಸಿನಲ್ಲಿ ಅಕ್ಷರಗಳು ಸಾಮಾನ್ಯವಾಗಿ ಬದಲಾಗಿಬಿಟ್ಟಿರುತ್ತವೆ. ನನಗೂ ಬದಲಾದವು. ಗೊತ್ತಾದ ಮರುಕ್ಷಣವೇ ಎಚ್ಚರವೂ ಆಯಿತು. ಕೆಲವರಿಗೆ ಇದು ಒಗ್ಗುತ್ತದಂತೆ, ನಾನು ಕೈಬಿಟ್ಟೆ.

ಕನಸು ಯಾವಾಗ ಹೆಚ್ಚುತ್ತದೆ ಎಂಬುದನ್ನು ಗಮನಿಸುವುದು ಉಪಯೋಗಕ್ಕೆ ಬಂತು. ನಿದ್ದೆಯ ಸುತ್ತುಗಳು ಸುಮಾರು 90 ನಿಮಿಷಕ್ಕೊಂದರಂತೆ ಬರುತ್ತವೆ, ಬೆಳಗಿನ ಕಡೆ ರೆಮ್ ಭಾಗ ಉದ್ದವಾಗುತ್ತದೆ. ಕೆಲವು ರಾತ್ರಿ ನಿದ್ದೆಗೆಟ್ಟು ಆಮೇಲೆ ಗಡದ್ದಾಗಿ ಮಲಗಿದರೆ ಕೊರತೆಯಾದ ರೆಮ್ ಒಟ್ಟಿಗೆ ನುಗ್ಗಿ ಬರಬಹುದು. ನನ್ನ ಕನಸುಗಳು ಹೆಚ್ಚಾಗಿ ಅಂಥ ಬೆಳಗಿನ ಜಾವದವೇ. ನಿತ್ಯ ಕುಡಿಯುವವರು ಮದ್ಯ ಬಿಟ್ಟಾಗಲೂ ಇಂಥದ್ದಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು, ಖಿನ್ನತೆಯ ಕೆಲವು ಮಾತ್ರೆಗಳು ಕೂಡ ಕೆಟ್ಟ ಕನಸು ತರಬಲ್ಲವು. ಹೊಸ ಮಾತ್ರೆ ಶುರುವಾದ ಮೇಲೆ ಕನಸು ಶುರುವಾಗಿದ್ದರೆ ಕನಸು ತಿದ್ದುತ್ತ ಕೂರುವ ಮೊದಲು ವೈದ್ಯರಿಗೆ ಹೇಳಬೇಕು, ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಒಬ್ಬರೇ ಮಾಡಿಕೊಳ್ಳಬಾರದ ಸಂದರ್ಭಗಳೂ ಇವೆ. ಕನಸಿನ ಬೀದಿ ನಿಜವಾಗಿ ನಡೆದ ಅಪಘಾತದ, ಹಲ್ಲೆಯ ಜಾಗವಾಗಿದ್ದರೆ ಅದನ್ನು ಬರೆಯುವುದೇ ಗಾಯ ಕೆದಕಬಹುದು. ಅಲ್ಲಿ ತರಬೇತಿಯಿದ್ದ ಚಿಕಿತ್ಸಕರು ಜೊತೆಗಿರಬೇಕು. ನಿದ್ದೆಯಲ್ಲಿ ಕೈಕಾಲು ಬೀಸಿ ಪಕ್ಕದವರಿಗೆ ಪೆಟ್ಟಾಗುತ್ತಿದ್ದರೆ ನಿದ್ರಾತಜ್ಞರನ್ನು ಕಾಣಬೇಕು. ಎಚ್ಚರವಿದ್ದಾಗಲೇ ದಿನಾ ಓಡಾಡುವ ರಸ್ತೆಯಲ್ಲಿ ದಾರಿ ತಪ್ಪತೊಡಗಿದರೆ ಅದು ಕನಸಿನ ವಿಷಯವೇ ಅಲ್ಲ, ವಯಸ್ಸು ಎಷ್ಟೇ ಇರಲಿ ತಡಮಾಡದೆ ತಪಾಸಣೆ ಮಾಡಿಸಬೇಕು.

ಕನಸು ಮತ್ತೆ ತಲೆಯೆತ್ತಿದಾಗ ಈಗಲೂ ಕೆಲವು ದಿನ ಅಭ್ಯಾಸಕ್ಕೆ ಕೂರುತ್ತೇನೆ. ಹಳೆಯ ಬರಹವನ್ನು ಹಾಗೇ ಬಳಸುವುದಿಲ್ಲ, ಈಚಿನ ಕನಸಿನಲ್ಲಿ ಭಯ ಯಾವ ಸಾಲಿನಲ್ಲಿ ಶುರುವಾಯಿತು ಎಂದು ಮತ್ತೆ ಬರೆದು ನೋಡುತ್ತೇನೆ. ಹೋದ ಸಲ ಅದು ತಿರುವಿನಲ್ಲಿ ಇರಲಿಲ್ಲ, ಚೀಲದಲ್ಲಿ ಬೀಗದ ಕೈ ಹುಡುಕುವಾಗ ಇತ್ತು. ಹಾಗಾಗಿ ಈ ಸಲದ ತಿದ್ದುಪಡಿಯಲ್ಲಿ ಚೀಲವೇ ಇಲ್ಲ.