ಚೀನಿ ವಾಕ್ಯ ಕಟ್ಟುವುದು ಹೇಗೆ: ಮೊದಲು ಹೊತ್ತು, ಆಮೇಲೆ ಜಾಗ, ಕೊನೆಗೆ ಕೆಲಸ

ಮ್ಯಾಂಡರಿನ್ ಕಲಿಯಲು ಕೂತ ಕನ್ನಡಿಗರು ಮೊದಲ ತಿಂಗಳಲ್ಲೇ ಒಂದು ತಪ್ಪು ಮಾಡುತ್ತಾರೆ. 'ನಾನು ನಾಳೆ ಮನೆಯಲ್ಲಿ ಚಹಾ ಕುಡಿಯುತ್ತೇನೆ' ಎಂದು ಹೇಳಬೇಕಾಗಿರುತ್ತದೆ. ಅವರು ಹೇಳುವುದು 'ವೊ ಹ ಛಾ ತ್ಸಾಯ್ ಚ್ಯಾ ಮಿಂಗ್‌ಥ್ಯೆನ್'. ಪದಗಳೆಲ್ಲ ಸರಿ. ವೊ ಅಂದರೆ ನಾನು, ಹ ಅಂದರೆ ಕುಡಿ, ಚ್ಯಾ ಅಂದರೆ ಮನೆ, ಮಿಂಗ್‌ಥ್ಯೆನ್ ಅಂದರೆ ನಾಳೆ. ಛಾ ಬಗ್ಗೆ ಹೇಳುವುದೇ ಬೇಡ, ನಮ್ಮ ಚಹಾ ಆ ಪದದಿಂದಲೇ ಬಂದದ್ದು. ಆದರೆ ಈ ವಾಕ್ಯದ ಜೋಡಣೆ ಪೂರ್ತಿ ಇಂಗ್ಲಿಷಿನದು. ಕನ್ನಡದಲ್ಲಿ ಯೋಚಿಸುವವರು ಚೀನಿ ಮಾತಾಡಲು ಇಂಗ್ಲಿಷಿನ ಮೇಲೆ ಹಾದುಹೋಗಿದ್ದಾರೆ, ಅಷ್ಟೆ. ಆ ಸುತ್ತುದಾರಿ ನಮಗೆ ಬೇಕಾಗಿಯೇ ಇಲ್ಲ.

ಸರಿಯಾದ ವಾಕ್ಯ ಇದು: 'ವೊ ಮಿಂಗ್‌ಥ್ಯೆನ್ ತ್ಸಾಯ್ ಚ್ಯಾ ಹ ಛಾ'. (ಉಚ್ಚಾರಣೆಯನ್ನು ಕಿವಿಗೆ ಬೀಳುವ ಹಾಗೆ ಬರೆದಿದ್ದೇನೆ, ಸ್ವರದ ಏರಿಳಿತವನ್ನು ಮಾತ್ರ ಕೇಳಿಯೇ ಕಲಿಯಬೇಕು.)

ಈಗ ಇದನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟೋಣ.

ಮೊದಲ ಹೆಜ್ಜೆ: ವಾಕ್ಯವನ್ನು ಕನ್ನಡದಲ್ಲೇ ಬರೆಯಿರಿ. ನಾನು, ನಾಳೆ, ಮನೆಯಲ್ಲಿ, ಚಹಾ, ಕುಡಿಯುತ್ತೇನೆ. ಐದು ತುಂಡು. ಮೊದಲ ಮೂರನ್ನು ಮುಟ್ಟಬೇಡಿ, ಚೀನಿಯಲ್ಲೂ ಅದೇ ಸಾಲು. 'ನಾಳೆ'ಯನ್ನು 'ನಾನು' ಪದಕ್ಕಿಂತ ಮುಂಚೆ ಇಟ್ಟರೂ ನಡೆಯುತ್ತದೆ, ನಮ್ಮ ಹಾಗೆಯೇ. ಹೊತ್ತು ಉದ್ದ ಆದರೂ ಭಯ ಬೇಡ. 'ನಾಳೆ ಬೆಳಗ್ಗೆ ಎಂಟು ಗಂಟೆಗೆ' ಎಂದು ನಾವು ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತೇವಲ್ವಾ, ಅವರೂ ಹಾಗೇ: 'ಮಿಂಗ್‌ಥ್ಯೆನ್ ತ್ಸಾವ್‌ಷಾಂಗ್ ಪಾ ತ್ಯೆನ್'.

ಎರಡನೇ ಹೆಜ್ಜೆ: ಕೊನೆಯ ಎರಡು ತುಂಡನ್ನು ಅದಲು ಬದಲು ಮಾಡಿ. ನಾವು 'ಚಹಾ ಕುಡಿ' ಅನ್ನುತ್ತೇವೆ, ಅವರು 'ಕುಡಿ ಚಹಾ' ಅನ್ನುತ್ತಾರೆ. ಹ ಛಾ. ಇಲ್ಲಿ ಮಾತ್ರ ಚೀನಿ ಇಂಗ್ಲಿಷಿನ ಹಾಗೆ ನಡೆದುಕೊಳ್ಳುತ್ತದೆ. ಇದೊಂದನ್ನು ನೋಡಿಯೇ ಕಲಿಯುವವರು ಉಳಿದದ್ದೂ ಇಂಗ್ಲಿಷಿನ ಹಾಗೇ ಇರಬೇಕು ಅಂದುಕೊಳ್ಳುತ್ತಾರೆ.

ಮೂರನೇ ಹೆಜ್ಜೆ: 'ಮನೆಯಲ್ಲಿ' ಅನ್ನುವುದನ್ನು 'ತ್ಸಾಯ್ ಚ್ಯಾ' ಮಾಡಿ. ಹೊತ್ತು ಮೊದಲೇಕೆ, ಜಾಗ ಮೊದಲೇಕೆ ಅನ್ನುವುದರ ಗುಟ್ಟು ಈ ಹೆಜ್ಜೆಯ ಸುತ್ತಲೇ ಇದೆ, ಸ್ವಲ್ಪ ನಿಂತು ನೋಡೋಣ.

ಹೊತ್ತಿನ ಕಾರಣ ಸುಲಭ. ಕನ್ನಡದಲ್ಲಿ ಕುಡಿದೆ, ಕುಡಿಯುತ್ತೇನೆ ಎಂದು ಕ್ರಿಯಾಪದವೇ ಕಾಲ ಹೇಳುತ್ತದೆ. ಚೀನಿಯ 'ಹ' ನಿನ್ನೆಗೂ ನಾಳೆಗೂ ಅದೇ 'ಹ'. ಹಾಗಾಗಿ ಕೇಳುವವರಿಗೆ ಯಾವಾಗಿನ ಮಾತು ಅನ್ನುವುದು ಮೊದಲೇ ಗೊತ್ತಾದರೆ ಅನುಕೂಲ. ಕ್ರಿಯಾಪದದ ನಂತರ 'ಲ' ಎಂಬ ಚಿಕ್ಕ ಪದ ಬರುತ್ತದೆ, ಅದು ಭೂತಕಾಲ ಎಂದು ಹಲವರು ಬಾಯಿಪಾಠ ಮಾಡಿರುತ್ತಾರೆ. ಅದು ಕೆಲಸ ಮುಗಿಯಿತು ಅಂತ ಹೇಳುತ್ತದೆಯೇ ಹೊರತು ಕಾಲ ಹೇಳುವುದಿಲ್ಲ. 'ಮಿಂಗ್‌ಥ್ಯೆನ್ ವೊ ಹ ಲ ಛಾ ಚ್ಯೋ ಛ್ಯೂ' ಅಂದರೆ 'ನಾಳೆ ನಾನು ಚಹಾ ಕುಡಿದು ಹೋಗುತ್ತೇನೆ'. ನಾಳೆಯ ಮಾತಿನಲ್ಲೂ 'ಲ' ಬಂತು ನೋಡಿ. ನಮ್ಮ 'ಕುಡಿದು' ಕೂಡ ಹಾಗೇ ಅಲ್ವಾ.

ಜಾಗದ ಕಾರಣ ಇನ್ನೂ ಚೆಂದ. 'ತ್ಸಾಯ್' ಅನ್ನು ಎಲ್ಲರೂ ನಮ್ಮ 'ಅಲ್ಲಿ' ಪ್ರತ್ಯಯಕ್ಕೆ ಸಮ ಎಂದು ಕಲಿಸುತ್ತಾರೆ. ಆದರೆ ಅದು ಕ್ರಿಯಾಪದವೂ ಹೌದು. 'ವೊ ತ್ಸಾಯ್ ಚ್ಯಾ' ಅಷ್ಟೇ ಹೇಳಿದರೂ ಪೂರ್ತಿ ವಾಕ್ಯ: ನಾನು ಮನೆಯಲ್ಲಿದ್ದೇನೆ. ಅಂದ ಮೇಲೆ 'ವೊ ತ್ಸಾಯ್ ಚ್ಯಾ ಹ ಛಾ' ಅನ್ನುವುದನ್ನು 'ನಾನು ಮನೆಯಲ್ಲಿದ್ದು ಚಹಾ ಕುಡಿಯುತ್ತೇನೆ' ಎಂದು ಓದಿಕೊಳ್ಳಿ. ಮೊದಲು ಮನೆಯಲ್ಲಿ ಇರಬೇಕು, ಆಮೇಲೆ ತಾನೇ ಕುಡಿಯುವುದು? ಯಾವುದು ಮೊದಲು ಆಗುತ್ತದೋ ಅದು ವಾಕ್ಯದಲ್ಲೂ ಮೊದಲು. ಜೇಮ್ಸ್ ಥಾಯ್ ಎಂಬ ಭಾಷಾವಿಜ್ಞಾನಿ 1985ರಲ್ಲಿ ಇದನ್ನೇ ಒಂದು ನಿಯಮವಾಗಿ ಮುಂದಿಟ್ಟರು. ಎಲ್ಲ ವಾಕ್ಯಕ್ಕೂ ಅದು ಹೊಂದುವುದಿಲ್ಲ, ಆದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹಿಡಿಕೆ ನನಗಂತೂ ಸಿಕ್ಕಿಲ್ಲ.

ಇದು ಸುಮ್ನೆ ನೆನಪಿನ ಉಪಾಯ ಅಲ್ಲ, ಅರ್ಥವನ್ನೇ ಬದಲಿಸುತ್ತದೆ ಎಂದು ತೋರಿಸಲು ಕುದುರೆಯ ಜೋಡಿ ವಾಕ್ಯ ಸಾಕು. 'ಥಾ ತ್ಸಾಯ್ ಮಾ ಪೇಯ್ ಷಾಂಗ್ ಥ್ಯಾವ್' ಅಂದರೆ ಅವನು ಆಗಲೇ ಕುದುರೆಯ ಬೆನ್ನ ಮೇಲಿದ್ದಾನೆ, ಅಲ್ಲೇ ಜಿಗಿಯುತ್ತಿದ್ದಾನೆ. 'ಥಾ ಥ್ಯಾವ್ ತ್ಸಾಯ್ ಮಾ ಪೇಯ್ ಷಾಂಗ್' ಅಂದರೆ ಅವನು ನೆಲದಿಂದ ಜಿಗಿದ, ಜಿಗಿದು ಕುದುರೆಯ ಬೆನ್ನ ಮೇಲೆ ಬಂದ. ಪದಗಳು ಅವೇ, 'ಜಿಗಿ' ಎಂಬ 'ಥ್ಯಾವ್' ಮಾತ್ರ ಜಾಗ ಬದಲಿಸಿತು. ಮೊದಲನೆಯದರಲ್ಲಿ ಇರುವುದು ಮೊದಲು, ಎರಡನೆಯದರಲ್ಲಿ ಜಿಗಿತ ಮೊದಲು. ಅಂದಹಾಗೆ 'ಷಾಂಗ್' ಅಂದರೆ 'ಮೇಲೆ', ಅದು ಬೆನ್ನಿನ ನಂತರವೇ ಬಂದಿದೆ, ನಮ್ಮ 'ಬೆನ್ನ ಮೇಲೆ' ಹಾಗೆ.

ಆದ್ದರಿಂದ 'ಜಾಗ ಯಾವಾಗಲೂ ಕ್ರಿಯಾಪದಕ್ಕೆ ಮುಂಚೆ' ಎಂದು ಕಣ್ಣುಮುಚ್ಚಿ ಬರೆದುಕೊಳ್ಳಬೇಡಿ. ಕೆಲಸ ನಡೆಯುವ ಜಾಗ ಮುಂಚೆ. ಕೆಲಸ ಮುಗಿದ ಮೇಲೆ ಹೋಗಿ ಸೇರುವ ಜಾಗ ನಂತರ. 'ಬೀಜಿಂಗಿಗೆ ಹೋಗು' ಅನ್ನುವುದು 'ಛ್ಯೂ ಪೇಯ್‌ಚಿಂಗ್', ಹೋಗುವುದು ಮೊದಲು, ಊರು ಆಮೇಲೆ. ವಾಸ ಮಾಡು ಎಂಬ 'ಚೂ' ತರಹದ ಕೆಲವು ಪದಗಳಿಗೆ ಎರಡೂ ಕಡೆ ನಡೆಯುತ್ತದೆ.

ನಾಲ್ಕನೇ ಹೆಜ್ಜೆ ಕನ್ನಡಿಗರು ಎಡವುವ ಜಾಗ. ನಮ್ಮ 'ಇಲ್ಲ' ಕೊನೆಗೆ ಬರುತ್ತದೆ, ಹಾಗಾಗಿ 'ಬೇಡ, ಇಲ್ಲ' ಅನ್ನುವ 'ಪೂ' ಪದವನ್ನು ಎಲ್ಲಿಡುವುದು ಎಂದು ಗೊಂದಲ. 'ನಾನು ಮನೆಯಲ್ಲಿ ಚಹಾ ಕುಡಿಯುವುದಿಲ್ಲ' ಅನ್ನಲು 'ವೊ ಪೂ ತ್ಸಾಯ್ ಚ್ಯಾ ಹ ಛಾ' ಅನ್ನಿ. 'ಪೂ' ನೇರ 'ತ್ಸಾಯ್' ಪದಕ್ಕೆ ಮುಂಚೆ ಬಂತು. 'ತ್ಸಾಯ್' ಕ್ರಿಯಾಪದವೇ ಎಂದು ಹೇಳಿದೆನಲ್ಲ, ಅದಕ್ಕೇ. 'ಹ' ಪದಕ್ಕೆ ಮುಂಚೆ 'ಪೂ' ಇಟ್ಟರೆ 'ಮನೆಯಲ್ಲಿ ಇರುವಾಗ ಮಾತ್ರ ಕುಡಿಯಲ್ಲ' ಅನ್ನುವ ಒತ್ತು ಬಂದುಬಿಡುತ್ತದೆ.

ಕನ್ನಡ ಪೂರ್ತಿ ಕೈಕೊಡುವ ಒಂದು ಕಡೆಯೂ ಇದೆ. 'ಮೂರು ದಿನ', 'ಎಂಟು ಗಂಟೆ ಕಾಲ' ಎಂಬ ಅವಧಿ. ಯಾವಾಗ ಅನ್ನುವುದು ಕ್ರಿಯಾಪದಕ್ಕೆ ಮುಂಚೆ, ಎಷ್ಟು ಹೊತ್ತು ಅನ್ನುವುದು ಕ್ರಿಯಾಪದದ ನಂತರ. ನಾವು ಎರಡನ್ನೂ ಮುಂಚೆಯೇ ಇಡುತ್ತೇವೆ. 'ನಾನು ಬೀಜಿಂಗ್‌ನಲ್ಲಿ ಮೂರು ದಿನ ಇದ್ದೆ' ಅನ್ನುವುದು ಚೀನಿಯಲ್ಲಿ 'ವೊ ತ್ಸಾಯ್ ಪೇಯ್‌ಚಿಂಗ್ ಚೂ ಲ ಸಾನ್ ಥ್ಯೆನ್'. ಬೀಜಿಂಗ್‌ನಲ್ಲಿದ್ದು, ತಂಗಿ, ಮೂರು ದಿನ. ತಂಗಲು ಶುರು ಮಾಡಿದ ಮೇಲೆ ತಾನೇ ದಿನ ಎಣಿಸಲು ಆಗುವುದು? ಅದಕ್ಕೇ 'ಸಾನ್ ಥ್ಯೆನ್' ಎಲ್ಲಕ್ಕಿಂತ ಕೊನೆಗೆ ಕೂತಿದೆ.