ಕೂತಲ್ಲೇ ಎದೆ ಡವಡವ: ನಾಡಿ ನೋಡುವುದು ಹೇಗೆ?

ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎದೆಬಡಿತ ಸರಿಹೋಗಿರುತ್ತದೆ, ಇಸಿಜಿಯೂ ನಾರ್ಮಲ್. ಹಾಗಾಗಿ ಹೊಡೆದುಕೊಳ್ಳುತ್ತಿರುವಾಗಲೇ ನಾಡಿ ನೋಡಿ ಬರೆದಿಡಿ. ಎದೆನೋವು, ತಲೆಸುತ್ತಿ ಬೀಳುವುದು ಅಥವಾ ಉಸಿರಾಡಲು ಕಷ್ಟ ಇದ್ದರೆ ಮಾತ್ರ ಎಣಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಮೊದಲು ಕುಳಿತುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹೆಬ್ಬೆರಳಿಂದ ಒತ್ತಬೇಡಿ, ಅದರದ್ದೇ ಬಡಿತ ಗೊಂದಲ ಮಾಡುತ್ತದೆ. ಸುಮ್ನೆ ಕೂತಾಗ 60ರಿಂದ 100 ಇರಬೇಕು.

ಆಮೇಲೆ ತಾಳ ನೋಡಿ. ಒಂದೇ ಸಮ ಇದೆಯಾ? ಆಗೊಮ್ಮೆ ಈಗೊಮ್ಮೆ ಒಂದು ಬಡಿತ ತಪ್ಪಿ, ಮುಂದಿನದು ಜೋರಾಗಿ ಬಿದ್ದರೆ ಅದು ಹೆಚ್ಚಾಗಿ ನಿರಪಾಯ. ತಾಳವೇ ಇಲ್ಲದೆ ಅಡ್ಡಾದಿಡ್ಡಿ ಇದ್ದರೆ ಬೇಗ ಇಸಿಜಿ ಮಾಡಿಸಿ. ಅದು ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ನಡುಗುವ ಏಟ್ರಿಯಲ್ ಫಿಬ್ರಿಲೇಷನ್ ಆಗಿರಬಹುದು, ಅದರಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಲಕ್ವ ಹೊಡೆಯುವ ಭಯವಿದೆ.

ಕೊನೆಯದು, ಹೇಗೆ ಶುರುವಾಯಿತು ಎಂಬುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಸ್ವಿಚ್ ಹಾಕಿದಂತೆ ತಟ್ಟನೆ ಶುರುವಾಗಿ, 150 ದಾಟಿ, ತಟ್ಟನೆ ನಿಂತರೆ ಹೃದಯದ ವಿದ್ಯುತ್ ದಾರಿಯಲ್ಲೇ ತೊಂದರೆ ಇರಬಹುದು. ಇಂಥ ಎಷ್ಟೋ ಹೆಣ್ಣುಮಕ್ಕಳಿಗೆ 'ಟೆನ್ಶನ್ ಅಷ್ಟೇ' ಅಂದು ಕಳಿಸುವುದುಂಟು. ಆತಂಕದ ಬಡಿತ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಉಸಿರು ಜೋರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಭಯ ಮೊದಲು ಬಂತಾ, ಬಡಿತ ಮೊದಲಾ ಎಂದು ನೆನಪು ಮಾಡಿಕೊಳ್ಳಿ. ಕಾಫಿಯದ್ದಾದರೆ ಸಮಯವೇ ಹೇಳುತ್ತದೆ: ಸಂಜೆ ಆರಕ್ಕೆ ಕುಡಿದದ್ದರ ಸುಮಾರು ಅರ್ಧ ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಒಂದು ವಾರ ಮಧ್ಯಾಹ್ನದ ನಂತರ ಬಿಟ್ಟು ನೋಡಿ.

ಈಗ ಒಂದು ಉದಾಹರಣೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ 38ರ ಹೆಂಗಸು ಅಂದುಕೊಳ್ಳಿ. ದಿನಕ್ಕೆ ಐದಾರು ಚಾ, ಮನೆಯಲ್ಲಿ ಸಾಲದ ಚಿಂತೆ. ಚಾದಿಂದಲೋ ಚಿಂತೆಯಿಂದಲೋ ಅನ್ನಿಸುತ್ತದೆ, ಅಲ್ವಾ? ಎಣಿಸಿದರೆ ಕೂತಾಗ 108, ತಾಳ ಸಮ. ಆದರೆ ಚಾ ಕುಡಿಯದ ದಿನವೂ ಅಷ್ಟೇ. ಮೆಟ್ಟಿಲು ಹತ್ತಿದರೆ ಏದುಸಿರು. ಮುಟ್ಟು ಎಂಟು ದಿನ, ರಕ್ತಸ್ರಾವ ಜಾಸ್ತಿ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8, ಹೆಂಗಸರಿಗೆ 12 ಆದರೂ ಇರಬೇಕು. ರಕ್ತ ಒಯ್ಯುವ ಆಮ್ಲಜನಕ ಕಡಿಮೆಯಾದ್ದರಿಂದ ಹೃದಯ ಹೆಚ್ಚು ಸಲ ಬಡಿದು ಸರಿದೂಗಿಸುತ್ತಿದೆ. ಥೈರಾಯ್ಡ್ ಕೂಡ ಹೀಗೇ ಮಾಡಬಲ್ಲದು, ಅದನ್ನೂ ಜೊತೆಗೇ ನೋಡಿಸಬೇಕು.

ಚಾಕ್ಕೂ ಇಲ್ಲಿ ಪಾಲಿದೆ, ಆದರೆ ಬೇರೆ ರೀತಿ: ಊಟದ ಜೊತೆಗಿನ ಚಾ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಗೂ ಚಾಕ್ಕೂ ಎರಡು ಗಂಟೆ ಅಂತರವಿರಲಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಿಂದ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ನುಂಗಬೇಕು. ಮುಟ್ಟಿನ ರಕ್ತಸ್ರಾವಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣದಿದ್ದರೆ ಮಾತ್ರೆಯಿಂದ ಏರಿದ್ದು ಮತ್ತೆ ಇಳಿಯುತ್ತದೆ.